ಬಾಲದಿಂದ ಓದುವ ರಾಯರು

ಮದುವೆ ಕರೆಯೋಲೆ ಕೈಗೆ ಬಂದರೆ ಎಲ್ಲರೂ ಮೊದಲು ವಧೂವರರ ಹೆಸರು ನೋಡುತ್ತಾರೆ. ನಮ್ಮ ಆಫೀಸಿನ ರಾಯರು ಮಾತ್ರ ಕಟ್ಟಕಡೆಯ ‘ಸುಖಾಗಮನ ಬಯಸುವವರು’ ಸಾಲಿನಿಂದ ಶುರು ಮಾಡುತ್ತಾರೆ. ಇಮೇಲ್ ಬಂದರೂ ಅಷ್ಟೇ. ಮಜಕೂರು ಏನಾದರೂ ಇರಲಿ, ಅವರ ಪಾರಾಯಣವೆಲ್ಲ ಕೆಳಗಿನ ಸಹಿಯಲ್ಲಿ.

ಕಳೆದ ತಿಂಗಳು ಖರೀದಿ ವಿಭಾಗದ ಹುಡುಗನೊಬ್ಬನಿಗೆ ಬಡ್ತಿ ಬಂತು. ಹಿಂದಿನವರ ಸಹಿಯನ್ನೇ ನಕಲು ಮಾಡಿ, ಹೆಸರು, ಹುದ್ದೆ, ನಂಬರು ತಿದ್ದಿ, ಸಂಭ್ರಮದಿಂದ ಎಲ್ಲರಿಗೂ ಮೇಲ್ ಕಳಿಸಿದ. ಹತ್ತು ನಿಮಿಷದಲ್ಲಿ ರಾಯರು ಅವನ ಕುರ್ಚಿಯ ಹಿಂದೆ ಹಾಜರು.

“ಏನಪ್ಪಾ, ಯಾವಾಗಿಂದ ಗೋದಲಿ ಆದೆ?”

ಹುಡುಗ ಕಕ್ಕಾಬಿಕ್ಕಿ. ನೋಡಿದರೆ Manager ಇರಬೇಕಾದಲ್ಲಿ ಒಂದು a ಉದುರಿ Manger ಆಗಿದೆ.

“ಕೆಂಪು ಗೆರೆ ಬರಲಿಲ್ಲ ಸಾರ್.”

“ಹ್ಯಾಗೆ ಬರುತ್ತೆ? ದನಕ್ಕೆ ಹುಲ್ಲು ಹಾಕೋ ಗೋದಲಿಗೆ ಇಂಗ್ಲಿಷಲ್ಲಿ ಅದೇ ಹೆಸರು. ಕಂಪ್ಯೂಟರಿಗೆ ಕಾಗುಣಿತ ಗೊತ್ತು, ನಿನ್ನ ಬಡ್ತಿ ಗೊತ್ತಿಲ್ಲ.”

ಮುಂದಿನದು ಲ್ಯಾಂಡ್‌ಲೈನ್. +91 080 ಎಂದು ಶುರುವಾಗಿತ್ತು. “ದೇಶದ ಕೋಡ್ ಬಂದ ಮೇಲೆ ಸೊನ್ನೆಗೇನು ಕೆಲಸ? 91 ಆದಮೇಲೆ ಬೆಂಗಳೂರಿನ 80, ಆಮೇಲೆ ಎಂಟು ಅಂಕಿ.”

ಮೊಬೈಲ್ ನಂಬರಿನ ಹತ್ತೂ ಅಂಕಿ ಸರಿಯಾಗಿದ್ದವು. ಆದರೂ ರಾಯರು ಕಣ್ಣನ್ನು ನಂಬುವವರಲ್ಲ. ತಮ್ಮ ಫೋನಿನಲ್ಲಿ ಮೇಲ್ ತೆರೆದು ನಂಬರಿನ ಮೇಲೆ ಬೆರಳಿಟ್ಟರು. ಹುಡುಗನ ಫೋನ್ ತೆಪ್ಪಗಿತ್ತು. ಆ ಕಡೆಯಿಂದ, ನಿವೃತ್ತರಾಗಿ ಹೋದ ಹಿಂದಿನವರು ಮಧ್ಯಾಹ್ನದ ನಿದ್ದೆಗಣ್ಣಲ್ಲಿ “ಯಾರೂ?” ಎಂದರು. ಮೇಲಿನ ಅಂಕಿ ಬದಲಾಗಿದ್ದರೂ ಅದರಡಿಯ ಲಿಂಕ್ ಹಳೆಯದೇ ಉಳಿದಿತ್ತು.

“ಇನ್ನು ಆ ಇರುವೆ ಸಾಲು” ಎಂದರು ರಾಯರು. ಯಾರೂ ಓದದ ಡಿಸ್‌ಕ್ಲೇಮರ್ ಅದು. ‘ಈ ಪತ್ರ ನಿಮಗಾಗಿ ಅಲ್ಲದಿದ್ದರೆ ಕೂಡಲೇ ಅಳಿಸಿ’ ಎನ್ನಬೇಕಾದ ಇಂಗ್ಲಿಷ್ ವಾಕ್ಯದಲ್ಲಿ ತಿದ್ದುವಾಗ not ಕಳಚಿಕೊಂಡು, ‘ನಿಮಗಾಗಿಯೇ ಆಗಿದ್ದರೆ ಕೂಡಲೇ ಅಳಿಸಿ’ ಎಂದಾಗಿತ್ತು.

“ನನಗೇ ಕಳಿಸಿದ್ದೆಯಲ್ಲ, ಅಪ್ಪಣೆಯಂತೆ ಅಳಿಸಿಬಿಟ್ಟೆ. ಈಗ ತಿದ್ದಿ ಇನ್ನೊಂದು ಕಳಿಸು.”

ಕಳಿಸಿದ. ಎಲ್ಲವೂ ಸರಿಯಾಗಿತ್ತು. ರಾಯರು ಮೆಚ್ಚಿ ಎರಡು ಸಾಲು ಬರೆದರು. ಅದಕ್ಕೆ ಹುಡುಗನ ಧನ್ಯವಾದ ಬಂತು, ಕೆಳಗೆ ಮತ್ತೆ ಗೋದಲಿ! ಔಟ್‌ಲುಕ್‌ನಲ್ಲಿ ಹೊಸ ಮೇಲಿಗೆ ಒಂದು ಸಹಿ, ಉತ್ತರಕ್ಕೆ ಇನ್ನೊಂದು ಇಡಬಹುದು. ಹುಡುಗ ತಿದ್ದಿದ್ದು ಮೊದಲನೆಯದನ್ನು ಮಾತ್ರ. ಮೊಬೈಲಿನ ಮೇಲ್ ಆ್ಯಪ್‌ನಲ್ಲಿದ್ದ ಮೂರನೆಯದರ ಸುದ್ದಿ ಮರುದಿನ ಬೆಳಿಗ್ಗೆ ತಿಳಿಯಿತು.

ರಾಯರನ್ನು ನೋಡಿ ನಗುವವರು ಒಂದು ಕೆಲಸ ಮಾಡಿ. ಪಕ್ಕದವರಿಗೆ ಒಂದು ಹೊಸ ಮೇಲ್, ಒಂದು ಉತ್ತರ, ಮೊಬೈಲಿನಿಂದ ಇನ್ನೊಂದು ಕಳಿಸಿ, ಮೂರರಲ್ಲೂ ನಿಮ್ಮ ನಂಬರ್ ಒತ್ತಲು ಹೇಳಿ. ಮೂರು ಸಲವೂ ನಿಮ್ಮ ಫೋನೇ ಬಡಿದುಕೊಂಡರೆ ಆಮೇಲೆ ಧಾರಾಳವಾಗಿ ನಗಿ.