ಕೊಂಕುಮಣಿದರ್ಪಣಂ

13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳನ್ನು ಬರೆದು ಕೈತೊಳೆದುಕೊಂಡ. ಒಂಬತ್ತನೆಯದೊಂದು ಬೇಕಾಗಿತ್ತು. ಸಂಧಿ ತಪ್ಪಿದರೆ ಕನ್ನಡ ಕಲಿಯುವವನಿಗೆ ಎರಡು ಅಂಕ ಹೋದೀತು; ಕೊಂಕು ತಿಳಿಯದಿದ್ದರೆ ಬಾಡಿಗೆ ಮನೆಯೇ ಹೋದೀತು. ಆ ಕೊರತೆ ತುಂಬಲು ಈ ಅಲ್ಪಮತಿಯು ಕೈಗೊಂಡ ಸಾಹಸವೇ ಪ್ರಸ್ತುತ ಶಾಸ್ತ್ರ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಹೊರರಾಜ್ಯದಿಂದ ಬೆಂಗಳೂರಿಗೆ ಬಂದು, ‘ಊಟ ಆಯ್ತಾ’ ಪಾಠ ಮುಗಿಸಿ, ಯಾರದೋ ಮಹಡಿಯಲ್ಲಿ ಬಾಡಿಗೆಗಿರುವ ಶಿಷ್ಯ. ಫಲಶ್ರುತಿ: ಅಡ್ವಾನ್ಸ್ ಸುರಕ್ಷಿತ.

ಮೊದಲು ಪ್ರಯೋಗ, ಆಮೇಲೆ ಸೂತ್ರ. ಶನಿವಾರ ರಾತ್ರಿ ಶಿಷ್ಯನು ಓನರ್ ಆಂಟಿಗೆ, “ನಾಳೆ ಆರು ಗಂಟೆಗೆ ನಾನೇ ಮೋಟರ್ ಹಾಕ್ತೀನಿ” ಎಂದು ವಾಗ್ದಾನ ಮಾಡಿದ. ಕಾವೇರಿ ನೀರು ಬರುವ ದಿನ ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುವುದು ಆ ಮನೆಯಲ್ಲಿ ನಿತ್ಯಕರ್ಮಕ್ಕಿಂತ ಮುಖ್ಯ. ಭಾನುವಾರ ಹನ್ನೊಂದಕ್ಕೆ ಅವನು ಮೆಟ್ಟಿಲಿಳಿದು ಬಂದಾಗ ಆಂಟಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು. ತಲೆಯೆತ್ತದೆ ಕೇಳಿದರು: “ಓಹೋ, ಸಾಹೇಬ್ರು ಇಷ್ಟು ಬೇಗ ಎದ್ದುಬಿಟ್ರಾ?” ಶಿಷ್ಯ ವಿನಯದಿಂದ, “ಹೌದು ಆಂಟಿ, ಸೊಳ್ಳೆ ಕಾಟ” ಎಂದ. ತನ್ನ ನಿದ್ದೆಯ ಬಗ್ಗೆ ಆಂಟಿಗೆ ಎಷ್ಟು ಕಾಳಜಿ ಎಂದು ಊರಿನ ಅಮ್ಮನಿಗೆ ಫೋನಿನಲ್ಲೂ ಹೇಳಿದ.

ಇಲ್ಲಿ ಪೂರ್ವಪಕ್ಷ: ಹೇಳಿದ್ದಕ್ಕೆ ವಿರುದ್ಧವಾದುದೇ ಅರ್ಥ, ತಿರುಗಿಸಿ ಓದಿಕೊಂಡರೆ ಸಾಕಲ್ಲ? ಇದು ಘನವಾದ ಪಕ್ಷ. ಅಪಕಾರ ಮಾಡಿದವನನ್ನು ‘ಎಷ್ಟು ಉಪಕಾರ ಮಾಡಿದೆ’ ಎಂದು ಹೊಗಳುವ ಪದ್ಯವೊಂದನ್ನು ಕಾಶ್ಮೀರದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಉದಾಹರಿಸಿ, ಅದನ್ನು ಅತ್ಯಂತತಿರಸ್ಕೃತವಾಚ್ಯ ಧ್ವನಿ ಎಂಬ ಗುಂಪಿಗೆ ಸೇರಿಸಿದ್ದಾನೆ. (ಈ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವನಿಗೆ ಯಾರೂ ಕೊಂಕು ಆಡುವುದಿಲ್ಲ, ಹತ್ತಿರವೇ ಬರುವುದಿಲ್ಲ.) 1975ರಲ್ಲಿ ಗ್ರೈಸ್ ಎಂಬ ತತ್ತ್ವಜ್ಞಾನಿಯೂ ಸುಮಾರಾಗಿ ಇದನ್ನೇ ಹೇಳಿದರು. ಆದರೆ ಆಂಟಿಯ ಮಾತನ್ನು ತಿರುಗಿಸಿ ನೋಡಿ: “ಇಷ್ಟು ತಡವಾಗಿ ಎದ್ರಾ?” ಇಷ್ಟೇ ಆಗಿದ್ದರೆ ಅವರು ಅದನ್ನೇ ಕೇಳುತ್ತಿದ್ದರು. ಮೋಟರ್ ಎಲ್ಲಿ ಹೋಯಿತು? ವಾಗ್ದಾನ ಎಲ್ಲಿ ಹೋಯಿತು?

ಸ್ಪರ್ಬರ್ ಮತ್ತು ವಿಲ್ಸನ್ ಎಂಬಿಬ್ಬರು 1981ರಲ್ಲಿ ಇದಕ್ಕೆ ಬೇರೆ ದಾರಿ ಹಿಡಿದರು. ಇಂಥ ಮಾತನಾಡುವವರು ಸುಳ್ಳು ಹೇಳುತ್ತಿಲ್ಲ. ಯಾರೋ ಆಡಿದ ಅಥವಾ ಎಲ್ಲರೂ ನಿರೀಕ್ಷಿಸಿದ ಮಾತನ್ನು ಎತ್ತಿ ತೋರಿಸಿ, ನೋಡಿ ಇದರ ಗತಿ, ಎನ್ನುತ್ತಿದ್ದಾರೆ. ಆಂಟಿ ಎತ್ತಿ ತೋರಿಸಿದ್ದು ಶಿಷ್ಯನ ಆರು ಗಂಟೆಯನ್ನು. ಹೊಗಳಿಕೆಯ ರೂಪದಲ್ಲಿ ಬೈಯುವುದು ಸುಲಭ, ಬೈಗುಳದ ರೂಪದಲ್ಲಿ ಹೊಗಳುವುದು ಕಷ್ಟ ಎಂಬುದಕ್ಕೂ ಕಾರಣ ಇದೇ. ಬೇಗ ಏಳಬೇಕು, ಅಡುಗೆ ರುಚಿಯಾಗಿರಬೇಕು ಎಂಬ ನಿರೀಕ್ಷೆ ಸದಾ ಗಾಳಿಯಲ್ಲಿರುತ್ತದೆ, ಕೈಚಾಚಿದರೆ ಸಿಗುತ್ತದೆ. ಚೆನ್ನಾಗಿರುವ ಸಾರನ್ನು ಸುಮ್ಮಸುಮ್ಮನೆ “ಥೂ, ಎಷ್ಟು ಕೆಟ್ಟದಾಗಿದೆ” ಎಂದು ನೋಡಿ, ಯಾರೂ ನಗುವುದಿಲ್ಲ. ಮಾಡಿದವರೇ ಮೊದಲು “ಇವತ್ತು ಸಾರು ಕೆಟ್ಟುಹೋಗಿದೆ” ಎಂದು ಕೊರಗಿದ್ದರೆ ಮಾತ್ರ ಅದು ನಡೆಯುತ್ತದೆ. ಅಪವಾದ ಎರಡು: ಮುದ್ದಿನ ಮಗುವಿಗೆ ಅಜ್ಜಿ “ಕಳ್ಳ” ಎನ್ನುವುದು, ದೇವರಿಗೆ ಹರಿದಾಸರು ನಿಂದಾಸ್ತುತಿ ಮಾಡುವುದು. ಶಿಷ್ಯನು ಮಗುವೂ ಅಲ್ಲ, ದೇವರೂ ಅಲ್ಲ.

ಈಗ ಲಕ್ಷಣ.

ಸೂತ್ರ 1: ಸುಮ್ಮನೆ ಬಂದ ಬಹುವಚನಂ ಭಯಹೇತು.

ವೃತ್ತಿ: ಪಾಠಪುಸ್ತಕದಲ್ಲಿ ‘ನೀವು’ ಎಂದರೆ ಗೌರವ. ಮನೆಯಲ್ಲಿ ದಿನವೂ “ಎದ್ಯಾ?” ಎನ್ನುವ ತಾಯಿ ಒಂದು ದಿನ “ಎದ್ರಾ?” ಎಂದರೆ ಮಗನಿಗೆ ಬಡ್ತಿ ಸಿಕ್ಕಿದೆ ಎಂದಲ್ಲ. ಆದರೆ ನಮ್ಮ ಶಿಷ್ಯ ಮೊದಲಿನಿಂದಲೂ ‘ನೀವು’. ಅವನನ್ನು ಇನ್ನೆಲ್ಲಿಗೆ ಏರಿಸುವುದು? ಅದಕ್ಕೆಂದೇ ಭಾಷೆ ಮೇಲಿನ ಮಹಡಿ ಕಟ್ಟಿಸಿಟ್ಟಿದೆ: ಸಾಹೇಬ್ರು, ದೊರೆಗಳು, ಮಹಾನುಭಾವರು, ತಮ್ಮ ಸವಾರಿ. ಎದುರಿಗೇ ನಿಂತವನನ್ನು, ಅವನು ಅಲ್ಲಿಲ್ಲವೇನೋ ಎಂಬಂತೆ “ಸಾಹೇಬ್ರು ಎದ್ರಾ” ಎಂದು ಕೇಳಿದರೆ ಸಂಶಯವೇ ಬೇಡ. ಧಾರವಾಡದ ಕಡೆ ಎಲ್ಲರಿಗೂ ‘ರೀ’ ಸಲ್ಲುವುದರಿಂದ, ಅಲ್ಲಿ ಬರೀ ‘ರೀ’ ಕೇಳಿ ಹೆದರತಕ್ಕದ್ದಲ್ಲ. ಹಾಗೆಯೇ ‘ಘನಂದಾರಿ ಕೆಲಸ’ ಎಂದು ಯಾರಾದರೂ ಎಂದರೆ ವಿಚಾರಣೆ ಬೇಕಿಲ್ಲ. ಆ ಮಾತನ್ನು ಮೆಚ್ಚುಗೆಗೆ ಬಳಸುವವರು ಈಗ ಸಿಗುವುದು ಕಷ್ಟ.

ಸೂತ್ರ 2: ‘ಅಂತೆ’ಯೆಂಬುದು ಇಕ್ಕಳಂ.

ವೃತ್ತಿ: ‘ಅಂತೆ’ ಎಂದರೆ ಬೇರೆಯವರು ಹೇಳಿದ್ದು, ನಾನು ಹೊಣೆಯಲ್ಲ ಎಂದಷ್ಟೇ. ಮಳೆ ಬರುತ್ತಂತೆ ಎಂಬಲ್ಲಿ ಕೊಂಕಿಲ್ಲ. ಆದರೆ ಅದೇ ಭಾನುವಾರ ಆಂಟಿ ಪಕ್ಕದ ಮನೆಯವರಿಗೆ, “ಆರು ಗಂಟೆಗೆ ಮೋಟರ್ ಹಾಕ್ತಾರಂತೆ!” ಎಂದರು. ಶಿಷ್ಯನ ಮಾತನ್ನು ಮೈಗೆ ತಾಗಿಸಿಕೊಳ್ಳದೆ ಇಕ್ಕಳದಲ್ಲಿ ಹಿಡಿದು ಬಿಸಿಲಿಗೆ ಹಿಡಿದರು, ಅಷ್ಟೆ. ಸ್ಪರ್ಬರ್, ವಿಲ್ಸನ್ ಪುಟಗಟ್ಟಲೆ ಬರೆದು ಸಾಧಿಸಬೇಕಾದ ಸಿದ್ಧಾಂತವನ್ನು ಕನ್ನಡ ಎರಡಕ್ಷರದಲ್ಲಿ ಮುಗಿಸಿದೆ. ಕಂಡುಹಿಡಿಯುವ ಬಗೆ: ಆ ಸುದ್ದಿ ಕೇಳುವವರಿಗೆ ಹೊಸತೋ ನೋಡಿ. ಹನ್ನೊಂದು ಗಂಟೆಯಲ್ಲಿ ಆರು ಗಂಟೆಯ ಸುದ್ದಿ ಯಾರಿಗೂ ಬೇಕಿಲ್ಲ. ಹಳಸಿದ ಸುದ್ದಿಗೆ ‘ಅಂತೆ’ ಅಂಟಿದ್ದರೆ ಅದು ಕೊಂಕು. ಇದರ ಜೊತೆಗೆ “ಪಾಪ” ಸೇರಿದರೆ ವಿಷ ಏರುತ್ತದೆ, ದನಿ ಎಳೆದರೆ ಇನ್ನಷ್ಟು. ದನಿಯ ಈ ತಿರುಚನ್ನು ಆಲಂಕಾರಿಕರು ಕಾಕು ಎಂದು ಕರೆದು ವಕ್ರೋಕ್ತಿಯಲ್ಲಿ ಒಂದು ಬಗೆಯೆಂದು ಎಣಿಸಿದ್ದರು. ವಾಟ್ಸ್ಆ್ಯಪ್‌ನಲ್ಲಿ ಕಾಕು ಹಾಯುವುದಿಲ್ಲ. ಅಲ್ಲಿ “ಬಹಳ ಥ್ಯಾಂಕ್ಸ್” ಎಂದು ಬಂದರೆ ಕೆಳಗಿಳಿದು ಮುಖ ನೋಡಿ ಬರುವುದೇ ಕ್ಷೇಮ.

ಸೂತ್ರ 3: ಪೆಟ್ಟು ತಿನ್ನುವವನುಂಟಾದೊಡೆ ಕೊಂಕು, ಇಲ್ಲದೊಡೆ ವ್ಯಂಗ್ಯಂ.

ವೃತ್ತಿ: ಟ್ಯಾಂಕು ಖಾಲಿಯಾಗಿ ಓನರ್ ಅಂಕಲ್ ಒಂದೇ ಚೊಂಬು ನೀರಿನಲ್ಲಿ ಮುಖ, ಕೈಕಾಲು ತೊಳೆದು ಹೊರಬಂದು, “ಇವತ್ತು ಭರ್ಜರಿ ಅಭ್ಯಂಜನ ಆಯ್ತು ನೋಡಿ” ಎಂದರು. ಇಲ್ಲೂ ಮಾತು ತಲೆಕೆಳಗೇ. ಆದರೆ ಅವರು ನಗುತ್ತಿರುವುದು ತಮ್ಮ ಸ್ಥಿತಿಗೆ, ಬೆಂಗಳೂರಿನ ಸ್ಥಿತಿಗೆ. ಕೇಳುವವನನ್ನೂ ಜೊತೆಗೆ ಕರೆಯುತ್ತಿದ್ದಾರೆ. ಇದು ವ್ಯಂಗ್ಯ. ವ್ಯಂಗ್ಯದ ದೊಡ್ಡ ಮನೆಯಲ್ಲಿ ಕೊಂಕು ಒಂದು ಕೋಣೆ, ಒಳಗಿನಿಂದ ಚಿಲಕ ಹಾಕಿದ್ದು. ಅಂಕಲ್ ಅದೇ ವಾಕ್ಯವನ್ನು ಶಿಷ್ಯನ ಕಡೆ ತಿರುಗಿ, “ತಮ್ಮ ದಯೆಯಿಂದ” ಎಂದು ಮುಂದೆ ಸೇರಿಸಿ ಹೇಳಿದ್ದರೆ ವ್ಯಂಗ್ಯ ಅಲ್ಲೇ ಕೊಂಕಾಗುತ್ತಿತ್ತು. ಇನ್ನು, ದುಡ್ಡು ಕೊಟ್ಟು ಟ್ಯಾಂಕರ್ ತರಿಸಿದ ಐದು ನಿಮಿಷಕ್ಕೆ ಕಾವೇರಿ ನೀರು ಬಂದರೆ ಅದು ಎರಡೂ ಅಲ್ಲ. ಅಲ್ಲಿ ಯಾರೂ ಏನನ್ನೂ ಹೇಳಲಿಲ್ಲ. ಅದು ವಿಪರ್ಯಾಸ, ಈ ಶಾಸ್ತ್ರದ ವ್ಯಾಪ್ತಿಗೆ ಬಾರದು.

ಕಡೆಯದಾಗಿ ಉತ್ತರವಿಧಿ. ಕೊಂಕಿಗೆ ನೇರ ಅರ್ಥದಲ್ಲಿ ಉತ್ತರಿಸುವುದು (ಸೊಳ್ಳೆ) ಅಧಮ. “ನೀವು ಹೀಗೆ ಚುಚ್ಚಬಾರದು” ಎಂದು ವಾದಕ್ಕಿಳಿಯುವುದು ಇನ್ನೂ ಅಧಮ. “ಅಯ್ಯೋ, ನಾನೇನಪ್ಪಾ ಅಂದೆ, ಬೇಗ ಎದ್ರಾ ಅಂದೆ” ಎಂಬ ಜಾರುಗುಪ್ಪೆ ತಯಾರಾಗಿಯೇ ಇರುತ್ತದೆ. ವಾಚ್ಯಾರ್ಥವೇ ಅವರ ವಕೀಲ. ಮಧ್ಯಮವೆಂದರೆ “ತಪ್ಪಾಯ್ತು ಆಂಟಿ” ಎಂದು ಮೋಟರ್ ಸ್ವಿಚ್ಚಿನ ಕಡೆ ನಡೆಯುವುದು. ಉತ್ತಮವೆಂದರೆ ಅವರ ಇಕ್ಕಳವನ್ನು ತಾನೇ ಇಸಿದುಕೊಂಡು ತನ್ನ ಮೂಗನ್ನೇ ಹಿಡಿಯುವುದು: “ಹೂಂ ಆಂಟಿ, ಕೋಳಿಗಿಂತ ಮುಂಚೆ ಎದ್ದೆ, ನಾಳೆಯ ಕೋಳಿಗಿಂತ.” ಪೆಟ್ಟು ತಿನ್ನುವವನೇ ನಕ್ಕರೆ ಸೂತ್ರ 3ರಂತೆ ಕೊಂಕು ವ್ಯಂಗ್ಯಕ್ಕೆ ತಿರುಗುತ್ತದೆ.

ಮುಂದಿನ ವಾರ ಶಿಷ್ಯ ಈ ಉತ್ತಮ ವಿಧಿಯನ್ನು ಪ್ರಯೋಗಿಸಿದ. ಆಂಟಿ ಸೊಪ್ಪು ಪಕ್ಕಕ್ಕಿಟ್ಟು ನಕ್ಕರು. ಆಮೇಲೆ, “ಕನ್ನಡ ಬಹಳ ಚೆನ್ನಾಗಿ ಕಲ್ತಿದ್ದೀರ, ಮೋಟರ್ ಹಾಕೋದು ಯಾವಾಗ ಕಲೀತೀರ?” ಎಂದರು. ಈ ವಾಕ್ಯದ ಮೊದಲರ್ಧ ಹೊಗಳಿಕೆಯೋ ಕೊಂಕೋ ಎಂಬುದನ್ನು ವಿದ್ಯಾರ್ಥಿಗಳು ಸೂತ್ರಸಹಿತ ನಿರ್ಣಯಿಸತಕ್ಕದ್ದು. 5 ಅಂಕ.