ಹದಿನೇಳು ಮನೆಯಾಚೆಯ ಜಟ್ಟಿ

ಅಕ್ಷರಗಳನ್ನೆಲ್ಲ ಒಂದೇ ಅಳತೆಗೆ ಮುಂದೂಡಿ ಪದದಿಂದ ಪದ ಹುಟ್ಟಿಸುವ ಆಟದಲ್ಲಿ ಇಂಗ್ಲಿಷಿನವರ ಹೆಮ್ಮೆಯ ಸಂಖ್ಯೆ 13. ಅದು 26ರ ಅರ್ಧ; ಹೋದಷ್ಟೇ ಹೆಜ್ಜೆ ಇಟ್ಟರೆ ಮನೆಗೆ ವಾಪಸು. ನಮ್ಮ ವ್ಯಂಜನಗಳು ಕ-ದಿಂದ ಳ-ವರೆಗೆ 34, ಆದ್ದರಿಂದ ನಮ್ಮ ಸಂಖ್ಯೆ 17 ಎಂಬುದು ನನ್ನ ವಾದ. 25ನೆಯ ಮ 17 ಮನೆ ನಡೆದರೆ, ಳ ಮುಗಿದು ಮತ್ತೆ ಕ-ದಿಂದ ಎಣಿಸಿ, 8ನೆಯ ಜ. 28ನೆಯ ಲ ಹಾಗೆಯೇ 11ನೆಯ ಟ. ಅಲ್ಲಿಗೆ ಮಲ್ಲಿ ಜಟ್ಟಿಯಾದಳು! ಜಟ್ಟಿಗೆ ಇನ್ನೊಮ್ಮೆ 17 ಕೊಟ್ಟರೆ ಪುನಃ ಮಲ್ಲಿ. ಹಲ್ಲು ಹೀಗೆಯೇ ತಟ್ಟು ಆಗುತ್ತದೆ. ಜೋಳದ ರೊಟ್ಟಿಯ ಸೀಮೆಯಲ್ಲಿ ಇವೆರಡರ ನಂಟನ್ನು ಬಿಡಿಸಿ ಹೇಳಬೇಕಿಲ್ಲ.

ಸ್ವರಚಿಹ್ನೆಗಳು ಕೂತಲ್ಲೇ ಕೂತರೆ ಅದು ಕಳ್ಳಾಟವಲ್ಲವೇ ಎನ್ನಬಹುದು. ಆದರೆ ಸ್ವರಗಳ ಎಣಿಕೆಯೇ ಬೇರೆ; ಅವಕ್ಕೂ 17 ಹಚ್ಚಿದರೆ ವಾಪಸು ಬರುವ ದಾರಿ ತಪ್ಪುತ್ತದೆ. ಕಂಪ್ಯೂಟರಿಗೆ ಬಿಡೋಣವೆಂದರೆ ಯೂನಿಕೋಡ್ ಪಟ್ಟಿಯಲ್ಲಿ ನ ಮತ್ತು ಪ ನಡುವೆ ಒಂದು ಮನೆ ಖಾಲಿ, ಳ ಬೇರೆ ಹೋಗಿ ಲ-ದ ಪಕ್ಕ ಕೂತಿದೆ. ಕಣ್ಣುಮುಚ್ಚಿ ಕೂಡಿದರೆ ನಡೆಯದು. ಎಲ್ಲ ಹೆಸರೂ ಒಲಿಯುವುದಿಲ್ಲ, ನಿಜ. ಹುನಗುಂದ ತಾಲೂಕಿನ ರಾಮಥಾಳ ಈ ಲೆಕ್ಕದಲ್ಲಿ ಞಾಜಳಾಥ. 17ನೆಯ ಥ, 34ನೆಯ ಳ ಮಾತ್ರ ಜಾಣತನದಿಂದ ಪರಸ್ಪರ ಕುರ್ಚಿ ಬದಲಿಸಿಕೊಂಡಿವೆ. ಆ ಬೋರ್ಡಿನ ಬಸ್ಸು ಬಂದರೆ ದಯವಿಟ್ಟು ಹತ್ತಬೇಡಿ.