ಲೈಕ್ ಒತ್ತಿದರೆ 50 ರೂಪಾಯಿ

ಹೊಸಕೋಟೆಯಲ್ಲಿ ಕೋಳಿ ಕೂಗುವ ಮೊದಲೇ ದಮ್ ಬಿರಿಯಾನಿಗೆ ಸಾಲು ನಿಲ್ಲುತ್ತದೆ. ಕೆಲಸವಿಲ್ಲದ ಹುಡುಗರಿಗೆ ಸಾಲಿನಲ್ಲೇ, ಟೆಲಿಗ್ರಾಂನಲ್ಲಿ, ಕೆಲಸವೂ ಸಿಗುತ್ತದೆ. ಇಂಟರ್‌ವ್ಯೂ ಇಲ್ಲ, ಮಾರ್ಕ್ಸ್ ಕಾರ್ಡ್ ಬೇಡ. ವಿಡಿಯೊಗೆ ಲೈಕ್ ಒತ್ತಿ ಸ್ಕ್ರೀನ್‌ಶಾಟ್ ಕಳಿಸಿದರೆ 50 ರೂಪಾಯಿ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್‌ಗೆ ನಿಲ್ಲುವವರು ಪಾಪ, ಹೆಬ್ಬೆರಳಿನ ಬೆಲೆ ತಿಳಿಯದವರು.

ಮೂರು ಲೈಕಿಗೆ 150 ರೂಪಾಯಿ ನಿಜಕ್ಕೂ ಬರುತ್ತದೆ. ಗಾಳಕ್ಕೆ ಎರೆಹುಳು ಸಿಕ್ಕಿಸುವವನು ಹುಳುವಿನ ಲೆಕ್ಕ ನೋಡುತ್ತಾನೆಯೇ? ಮರುದಿನ ‘ಪ್ರಿಪೇಯ್ಡ್ ಟಾಸ್ಕ್’: 1,000 ಕಟ್ಟಿ, 1,300 ತಗೊಳ್ಳಿ. ಅದೂ ಬರುತ್ತದೆ. ಆಮೇಲೆ 5,000, ಆಮೇಲೆ 20,000. ಸ್ಕ್ರೀನ್ ಮೇಲೆ ಲಾಭ ಉಬ್ಬುತ್ತಲೇ ಹೋಗುತ್ತದೆ. ತೆಗೆಯಲು ಹೋದರೆ ಮಾತ್ರ ‘ಮೊದಲು ಟ್ಯಾಕ್ಸ್ ಕಟ್ಟಿ’. ಗ್ರೂಪಿನಲ್ಲಿ “ನಂಗೆ ಬಂತು ಸಾರ್” ಎಂದು ಕುಣಿಯುವವರೆಲ್ಲ ಅವರ ಕಡೆಯವರೇ. ಅಷ್ಟರಲ್ಲಿ ಅಮ್ಮನ ಓಲೆ ಗಿರವಿ ಅಂಗಡಿ ಸೇರಿರುತ್ತದೆ. ಕೂಡಲೇ 1930ಕ್ಕೆ ಫೋನ್ ಮಾಡಿದರೆ ಹಣ ಮತ್ತೆ ಕೈಬದಲಾಗುವ ಮೊದಲೇ ತಡೆಹಿಡಿಸುವ ಅವಕಾಶವುಂಟು. ಹುಡುಗ ಮರ್ಯಾದೆಗೆ ಅಂಜಿ ಮೂರು ದಿನ ಬಾಯಿ ಬಿಡುವುದಿಲ್ಲ. ಕದ್ದವನಿಗೆ ಅಷ್ಟು ಸಾಕು.

ಇನ್ನು ಡೇಟಾ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿದವನು ಲೈಕ್ ಮಾಡಲಿಕ್ಕೆಂದು ಎಚ್‌ಡಿ ವಿಡಿಯೊ ನೋಡುತ್ತ ಕೂತರೆ ಮಧ್ಯಾಹ್ನದೊಳಗೆ ಪ್ಯಾಕ್ ಖಾಲಿ. ಅದೇ ಬಾಯಿ ಬಿಟ್ಟು ಕನ್ನಡ ಓದಿದರೆ? ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಮಾಡಿಸಿದ್ದು ಇದನ್ನೇ. ಫೋನಿನಲ್ಲಿ ಒಂದು ಕನ್ನಡ ವಾಕ್ಯ ಬರುತ್ತದೆ. ಓದಿ ರೆಕಾರ್ಡ್ ಮಾಡಬೇಕು. ಕಂಪ್ಯೂಟರಿಗೆ ಕನ್ನಡ ಕಲಿಸಲು ಆ ದನಿ ಬೇಕು. 2023ರಲ್ಲಿ ‘ಟೈಮ್’ ಪತ್ರಿಕೆ ಬರೆದಂತೆ ಗಂಟೆಗೆ ಸುಮಾರು 5 ಡಾಲರ್, ಅಂದರೆ 400 ರೂಪಾಯಿ. ದನಿಯನ್ನು ಕುಗ್ಗಿಸದೆ 16 ಕಿಲೊಹರ್ಟ್ಸ್‌ನಲ್ಲಿ ಹಿಡಿದರೂ ಒಂದು ಗಂಟೆಗೆ ಸುಮಾರು 115 ಎಂಬಿ ಅಷ್ಟೇ. ಪ್ಯಾಕಿನ ಹತ್ತರಲ್ಲಿ ಒಂದು ಪಾಲೂ ಅಲ್ಲ.

ತೊಡಕುಂಟು. ಫ್ಯಾನ್ ಆರಿಸಿ ಬೆವರಬೇಕು. ಹಳೇ ಮದ್ರಾಸ್ ರಸ್ತೆ ಪಕ್ಕದ ಮನೆಯಾದರೆ ಲಾರಿ ಹಾರ್ನ್ ಕೂಡ ವಾಕ್ಯದೊಳಗೆ ನುಗ್ಗುತ್ತದೆ, ಕ್ಲಿಪ್ ರಿಜೆಕ್ಟ್. ಹೆಸರು ನೋಂದಾಯಿಸಿದ ಕೂಡಲೇ ಕೆಲಸ ಸಿಗುವುದಿಲ್ಲ. ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳ ಮೂಲಕ ಜನರನ್ನು ಆರಿಸುತ್ತಾರೆ, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. 2023ರಲ್ಲಿ ಒಬ್ಬರ ಗಳಿಕೆ ಸುಮಾರು 1,500 ಡಾಲರ್ ಮುಟ್ಟಿದರೆ ಮುಂದಿನವರಿಗೆ ಜಾಗ ಬಿಡಬೇಕಿತ್ತು. ಜೀವಮಾನದ ನೌಕರಿಯಲ್ಲ, ಬಿಡುವಿನ ಕಾಸು.

ಇದನ್ನೆಲ್ಲ ನಮ್ಮ ಬೀದಿಯ ಹುಡುಗನಿಗೆ ಬಿಡಿಸಿ ಹೇಳಿದೆ. ಶ್ರದ್ಧೆಯಿಂದ ಕೇಳಿಸಿಕೊಂಡ.

“ಅಣ್ಣಾ, ಮೊದಲು ಎಷ್ಟು ಕಟ್ಟಬೇಕು?”

“ಒಂದು ಪೈಸೆಯೂ ಬೇಡ ಕಣೋ.”

“ದುಡ್ಡೇ ಕೇಳಲ್ವಾ? ಹಂಗಾದ್ರೆ ಇದು ಮೋಸಾನೇ ಬಿಡಣ್ಣ.”